ಬೋರ್ಡೋ ಡ್ರಮ್ಮಿನ ನೀರು ಬಚ್ಚಲಿಗೆ ಹರಿದದ್ದು, ಅದನ್ನು ನಿಲ್ಲಿಸಿದ್ದು

ನಮ್ಮ ತೋಟದಲ್ಲಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಕಲಸುವ 200 ಲೀಟರ್ ಡ್ರಮ್ ಮೇಲಿನ ಅಂಗಳದಲ್ಲಿದೆ. ಬಚ್ಚಲು ಅದಕ್ಕಿಂತ ಏಳೆಂಟು ಅಡಿ ಕೆಳಗೆ. ಎರಡಕ್ಕೂ ಒಂದೇ ಟ್ಯಾಂಕಿನ ಲೈನು. ಪೈಪಿನ ತುದಿ ಹಾರದಿರಲಿ ಎಂದು ಎಲ್ಲರಂತೆ ನಾವೂ ಅದನ್ನು ಡ್ರಮ್ಮಿನ ತಳದವರೆಗೆ ಇಳಿಬಿಡುತ್ತಿದ್ದೆವು.

ಒಂದು ದಿನ ಟ್ಯಾಂಕ್ ತೊಳೆಯಲು ಮೇಲಿನ ಗೇಟ್‌ವಾಲ್ವ್ ಮುಚ್ಚಿದ್ದೆ. ಅಂಗಳದ ನಲ್ಲಿ ತೆರೆದೇ ಇತ್ತು. ಬಚ್ಚಲಲ್ಲಿ ಅಮ್ಮ ನಲ್ಲಿ ತಿರುಗಿಸಿದರೆ ಬಕೆಟ್ಟಿಗೆ ತೆಳು ನೀಲಿ ನೀರು! ಮೇಲಿಂದ ಒತ್ತಡ ನಿಂತಿದ್ದರಿಂದ ಡ್ರಮ್ಮಿನ ಮೈಲುತುತ್ತಿನ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದಿತ್ತು. ಬಣ್ಣವಿತ್ತು, ಹಾಗಾಗಿ ಕಂಡಿತು. ಬಣ್ಣವಿಲ್ಲದ ಔಷಧಿಯಾಗಿದ್ದರೆ?

ಮೊದಲು ಸುಮಾರು 450 ರೂಪಾಯಿ ಕೊಟ್ಟು ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಹಿತ್ತಾಳೆಯ ವಾಲ್ವ್, ಎನ್‌ಆರ್‌ವಿ ಹಾಕಿಸಿದೆ. ಡ್ರಮ್ಮಿಗೆ ಅರಿಶಿನದ ನೀರು ತುಂಬಿ, ಲೈನಿನ ನಡುವೆ ಒಂದು ಮೊಳ ಪಾರದರ್ಶಕ ಲೆವೆಲ್ ಪೈಪ್ ಸೇರಿಸಿ ಪರೀಕ್ಷಿಸಿದೆ. ಮೊದಲ ವಾರ ಸರಿಯಿತ್ತು. ಎರಡನೇ ವಾರ ಲೆವೆಲ್ ಪೈಪಿನಲ್ಲಿ ಹಳದಿ ಎಳೆ. ಬಿಚ್ಚಿ ನೋಡಿದರೆ ಮುಚ್ಚಳದಡಿ ಮರಳಿನ ಒಂದು ಕಾಳು. ಮುಚ್ಚಳ ಪೂರ್ತಿ ಕೂರದೆ ಕೂದಲೆಳೆಯಷ್ಟು ಸಂದು ಉಳಿದಿತ್ತು.

ಆಮೇಲೆ ಡ್ರಮ್ಮಿನ ಬಾಯಿಗಿಂತ ಮೇಲೆ ಪೈಪಿಗೇ ತೂತು ಕೊರೆದೆ. ಗಾಳಿ ಒಳಗೆ ಹೋದರೆ ಹಿಂದಕ್ಕೆ ಎಳೆಯುವುದು ನಿಲ್ಲಬೇಕು. ಮೂರು ಮಿಲಿಮೀಟರಿನ ತೂತು ಸಾಲಲಿಲ್ಲ, ಗುಳ್ಳೆಗಳ ಜೊತೆ ಹಳದಿ ನೀರೂ ಹೋಯಿತು. ಎಂಟಕ್ಕೆ ಹಿಗ್ಗಿಸಿದಾಗ ನಿಂತಿತು, ಆದರೆ ತುಂಬುವಾಗ ಅಲ್ಲಿಂದಲೇ ಚಿಮ್ಮಿ ಸುಣ್ಣದ ಚೀಲ ನೆನೆಯಿತು. ಮರುದಿನ ನೋಡಿದರೆ ಯಾರೋ ತೂತಿಗೆ ಬಟ್ಟೆ ಸುತ್ತಿದ್ದರು.

ಕೊನೆಗೆ ಪೈಪನ್ನೇ ತೆಗೆದೆ. ಒಂದಿಂಚಿನ ಪಿವಿಸಿ ಕಂಬ ನೆಟ್ಟು, ಎಲ್ಬೋ ತಿರುಗಿಸಿ, ಬಾಯನ್ನು ಡ್ರಮ್ಮಿನ ಅಂಚಿಗಿಂತ ನಾಲ್ಕಿಂಚು ಮೇಲೆ ನಿಲ್ಲಿಸಿದೆ. ಪೈಪಿನ ಅಗಲದ ಎರಡರಷ್ಟು ಅಂತರ ಸಾಕು, ನಾನು ಇನ್ನೆರಡು ಇಂಚು ಹೆಚ್ಚಿಗೆ ಬಿಟ್ಟೆ. ಅಳೆಯುವುದು ನೀರಿನ ಮಟ್ಟದಿಂದಲ್ಲ, ಡ್ರಮ್ಮಿನ ಅಂಚಿನಿಂದ. ಡ್ರಮ್ ತುಂಬಿ ಚೆಲ್ಲಿದರೂ ನೀರು ಎಲ್ಬೋ ಬಾಯಿಗೆ ತಾಗಬಾರದು. ಖರ್ಚು 350ರ ಆಸುಪಾಸು.

"ಹೀಗೆ ಮೇಲಿಂದ ಬಿಟ್ರೆ ಮೈಮೇಲೆಲ್ಲ ಸಿಡೀತದೆ ಒಡೆಯಾ, ಪೈಪೇ ಚಲೋ" ಎಂದು ಕೊನೆಗಾರ ಬೇಡವೆಂದ. ಅಣ್ಣನೂ ನಂಬಲಿಲ್ಲ. ಸಿಡಿಯದಂತೆ ಬಾಯಿಗೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಅಂಗಳಕ್ಕೆ ಬಂದವರಿಗೇ ತೋರಿಸುತ್ತೇನೆ. ಅದು ಅಂಚಿಗಿಂತ ಕೆಳಗೆ ಇಳಿಯುವುದಿಲ್ಲ ಎಂದಷ್ಟೇ ಇಲ್ಲಿ ಹೇಳುವೆ.

ಇದೇ ಗುಂಗಿನಲ್ಲಿ ಬಚ್ಚಲಿನ ಕೈ ಶವರನ್ನೂ ನೋಡಿದೆ. ಅದು ಮಗುವಿನ ಬಟ್ಟೆ ನೆನೆಸಿದ ಬಕೆಟ್ಟಿನಲ್ಲೇ ಮುಳುಗಿರುತ್ತಿತ್ತು. ಅದರ ಪೈಪು ಕತ್ತರಿಸಿ ಗಿಡ್ಡ ಮಾಡಿದೆ, ಈಗ ಬಕೆಟ್ಟಿಗೆ ಎಟಕುವುದೇ ಇಲ್ಲ. ಕೊಟ್ಟಿಗೆಯ ಕಲಗಚ್ಚಿನ ಬಾನಿಗೂ ಎಲ್ಬೋ ಬಂತು.

ಎರಡು ಮಳೆಗಾಲ ಕಳೆದಿವೆ. ಔಷಧಿ ಹೊಡೆಯುವ ಮೊದಲು ಪ್ರತಿ ಸಲ ಅರಿಶಿನದ ನೀರು ತುಂಬಿ, ವಾಲ್ವ್ ಮುಚ್ಚಿ, ಬಚ್ಚಲಿನ ನಲ್ಲಿ ತೆರೆದಿಡುತ್ತೇನೆ. ಲೆವೆಲ್ ಪೈಪಿನಲ್ಲಿ ಒಂದು ಹನಿ ಹಳದಿಯೂ ಕಂಡಿಲ್ಲ. ಹೋದ ವರ್ಷ ಅಣ್ಣ ತನ್ನ ಡ್ರಮ್ಮಿಗೂ ಅಳತೆ ತೆಗೆದುಕೊಂಡು ಹೋದ.