ವಾರದ ಮಾರುಕಟ್ಟೆ ಟಿಪ್ಪಣಿ: ಎರಡೇ ಗೆರೆ ಸಾಕು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಹನ್ನೊಂದು ಜನರ ಹೂಡಿಕೆ ಕ್ಲಬ್ ಇದೆ. ಅವರವರ ಖಾತೆಯಲ್ಲೇ ನಿಫ್ಟಿ ಇಂಡೆಕ್ಸ್ ಫಂಡ್ ಕೊಳ್ಳುತ್ತೇವೆ. ಯಾವಾಗ, ಎಷ್ಟು ಅನ್ನೋದನ್ನು ಮಾತ್ರ ಭಾನುವಾರ ಒಟ್ಟಿಗೆ ಕೂತು ಮಾತಾಡುತ್ತೇವೆ. ಅದಕ್ಕೆ ಶನಿವಾರ ಸಂಜೆಯೇ ಒಬ್ಬರು ಮುಂದಿನ ವಾರದ ಟಿಪ್ಪಣಿ ಬರೆದು ಗುಂಪಿಗೆ ಹಾಕಬೇಕು. ಸರದಿ ಬಂದಾಗ ಸುಮಾರು ಎಲ್ಲರೂ ಒಂದೇ ಕಡೆ ಎಡವಿದ್ದಾರೆ: "ನಿಫ್ಟಿ ಏರುವ ಲಕ್ಷಣವಿದೆ, ಇಳಿದರೂ ಆಶ್ಚರ್ಯವಿಲ್ಲ." ಇದನ್ನು ಬರೆಯೋಕೆ ಚಾರ್ಟ್ ಯಾಕೆ, ಅಲ್ವಾ?

ಮೊದಲು ದಿಕ್ಕು. ವಾರದ ಚಾರ್ಟ್ ತೆಗೆಯಿರಿ, 20 ವಾರಗಳ ಸರಾಸರಿ ಗೆರೆ ಹಾಕಿ. ನಿಫ್ಟಿ ಅದರ ಮೇಲಿದೆಯೋ ಕೆಳಗಿದೆಯೋ, ಒಂದು ಸಾಲು ಬರೆಯಿರಿ. ಇಷ್ಟೇ.

ಆಮೇಲೆ ಮಟ್ಟಗಳು. ಮೇಲೊಂದು, ಕೆಳಗೊಂದು. ತಾನಾಗಿ ಏಳೆಂಟು ಗೆರೆ ಎಳೆದುಕೊಡುವ ಆ್ಯಪ್‌ಗಳಿವೆ, ಅವನ್ನು ನಂಬಬೇಡಿ. ಅಷ್ಟು ಗೆರೆ ಇದ್ದರೆ ನಿಫ್ಟಿ ಎಲ್ಲಿ ನಿಂತರೂ ಒಂದು ಗೆರೆ ಪಕ್ಕದಲ್ಲಿರುತ್ತದೆ. ನಿಮ್ಮ ಕಣ್ಣಲ್ಲೇ ನೋಡಿ, ಇತ್ತೀಚೆಗೆ ಬೆಲೆ ಎಲ್ಲಿಂದ ಹಿಂದಿರುಗಿದೆ ಅಂತ ಹುಡುಕಿ.

2024ರ ಜೂನ್ ಮೊದಲ ವಾರಕ್ಕೆ ನಾವು ಬರೆದದ್ದನ್ನೇ ತೆಗೆದುಕೊಳ್ಳಿ. ಮೇ 31ರ ಶುಕ್ರವಾರ ನಿಫ್ಟಿ ಮುಗಿದದ್ದು 22,530ರಲ್ಲಿ. ಮೇ 27ರಂದು 23,110 ಮುಟ್ಟಿ ಕೆಳಗೆ ಬಂದಿತ್ತು, ಅದು ಮೇಲಿನ ಗೆರೆ. ಏಪ್ರಿಲ್‌ನಲ್ಲಿ 21,780ರ ಹತ್ತಿರ, ಮೇನಲ್ಲಿ 21,820ರ ಹತ್ತಿರ ಎದ್ದು ನಿಂತಿತ್ತು. ಕೆಳಗಿನದನ್ನು ಒಂದು ಅಂಕಿಯಾಗಿ ಬರೆಯದೆ "21,780ರಿಂದ 21,820" ಅಂತ ಪಟ್ಟಿಯಾಗಿ ಬರೆದೆವು. ಬೆಲೆ ಪೈಸೆ ಲೆಕ್ಕದಲ್ಲಿ ತಿರುಗುವುದಿಲ್ಲ.

ಈಗ ಎಲ್ಲರೂ ಕೆಡಿಸುವ ಹಂತ, ಸಾಧ್ಯತೆಗಳು. ಮೂರು ಬರೆಯಿರಿ: ಮೇಲೆ ದಾಟಿದರೆ, ಕೆಳಗೆ ಜಾರಿದರೆ, ನಡುವೆಯೇ ಉಳಿದರೆ. ಪ್ರತಿಯೊಂದರ ಜೊತೆ ನಾವೇನು ಮಾಡುತ್ತೇವೆ ಅನ್ನೋದೂ ಇರಬೇಕು. ಮುಖ್ಯವಾದದ್ದು, "ದಾಟಿದರೆ" ಅಂದರೆ ಯಾವಾಗ? ದಿನದ ಮಧ್ಯೆ ಮುಟ್ಟಿದರೆ ಸಾಕಾ, ಅಥವಾ ದಿನದ ಕೊನೆಗೆ ಅಲ್ಲೇ ನಿಲ್ಲಬೇಕಾ? ಇದನ್ನು ಬರೆಯದ ಟಿಪ್ಪಣಿ ಮಂಗಳವಾರದ ಹೊತ್ತಿಗೆ ಜಗಳಕ್ಕೆ ಬರುತ್ತದೆ.

ನಮ್ಮ ನಿಯಮ, ವಾರದ ಕೊನೆಯ ಕ್ಲೋಸಿಂಗ್ ಮಾತ್ರ ಲೆಕ್ಕ. ಆವತ್ತು ಹೀಗೆ ಬರೆದಿದ್ದೆವು: "ಶುಕ್ರವಾರ 23,110ರ ಮೇಲೆ ಮುಗಿದರೆ ಕಾದಿರಿಸಿದ ಹಣದಲ್ಲಿ ಅರ್ಧ ಹಾಕೋಣ. 21,780ರ ಕೆಳಗೆ ಮುಗಿದರೆ ಈ ತಿಂಗಳು ಕೈ ಕಟ್ಟಿ ಕೂರೋಣ. ನಡುವೆ ಇದ್ದರೆ ಎಂದಿನ ಕಂತು."

ಆ ವಾರ ಏನಾಯ್ತು ನೋಡಿ. ಚುನಾವಣೋತ್ತರ ಸಮೀಕ್ಷೆಗಳ ಖುಷಿಯಲ್ಲಿ ಸೋಮವಾರ ನಿಫ್ಟಿ 23,263ಕ್ಕೆ ಏರಿ ಮುಗಿಯಿತು. "ಗೆರೆ ದಾಟಿತಲ್ಲ ಸಾರ್, ಹಾಕಿಬಿಡೋಣ" ಅಂತ ಬೆಳಿಗ್ಗೆಯಿಂದ ನನಗೆ ಮೂರು ಫೋನ್. ಮಂಗಳವಾರ, ಜೂನ್ 4, ಮತ ಎಣಿಕೆ. ಮಧ್ಯಾಹ್ನ 21,281ರವರೆಗೆ ಕುಸಿಯಿತು. ಅದೇ ಜನ, ಈ ಸಲ "ಮಾರಿಬಿಡೋಣ". ಆದರೆ ದಿನದ ಕೊನೆಗೆ ನಿಫ್ಟಿ 21,884, ಅಂದರೆ ಕೆಳಗಿನ ಪಟ್ಟಿಯ ಮೇಲೆಯೇ! ಶುಕ್ರವಾರ 23,290ಕ್ಕೆ ಮುಗಿದಾಗ ನಮ್ಮ ಮೊದಲನೇ ಸಾಧ್ಯತೆ ನಿಜವಾಯಿತು. ದಿನದ ಲೆಕ್ಕ ಹಿಡಿದಿದ್ದರೆ ಸೋಮವಾರ ಕೊಂಡು ಮಂಗಳವಾರ ಹೆದರಿ ಕೂರಬೇಕಿತ್ತು. ಮಧ್ಯಾಹ್ನದ ಅಂಕಿ ನೋಡಿ ಮಾರಿದ್ದರೆ ವಾರದ ತಳದ ಹತ್ತಿರವೇ ಮಾರಿದಂತಾಗುತ್ತಿತ್ತು.

ಹಾಗಂತ ಈ ನಿಯಮ ಪುಕ್ಕಟೆಯಲ್ಲ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ 13ರಷ್ಟು ಬಿತ್ತು. ಶುಕ್ರವಾರಕ್ಕೆ ಕಾಯುವವರು ಅಂಥ ಏಟನ್ನು ಪೂರ್ತಿ ತಿನ್ನಬೇಕಾಗುತ್ತದೆ. ತಿಂಗಳ ಕಂತು ಹಾಕುವ ನಮಗೆ ಇದು ತಡೆಯುತ್ತದೆ. ಸಾಲದ ದುಡ್ಡಲ್ಲಿ ಫ್ಯೂಚರ್ಸ್ ಆಡುವವರಿಗೆ ಖಂಡಿತ ತಡೆಯೋದಿಲ್ಲ, ಅವರು ನಮ್ಮ ಟಿಪ್ಪಣಿ ಓದಲೇಬಾರದು.

ಒಂದು ಎಚ್ಚರ: ಮಧ್ಯಾಹ್ನ 3.30ಕ್ಕೆ ಪರದೆ ಮೇಲೆ ಕಾಣುವ ಕೊನೆಯ ಅಂಕಿಯನ್ನು ಕ್ಲೋಸಿಂಗ್ ಅಂದುಕೊಳ್ಳಬೇಡಿ. ಸ್ವಲ್ಪ ಹೊತ್ತಾದ ಮೇಲೆ ಎನ್‌ಎಸ್‌ಇ ಪ್ರಕಟಿಸುವ ಅಂಕಿಯೇ ಅಸಲಿ. ಎರಡರ ನಡುವೆ ಹತ್ತಾರು ಅಂಶ ವ್ಯತ್ಯಾಸ ಬಂದರೆ, ಗೆರೆ ಹತ್ತಿರ ನಿಂತ ವಾರದಲ್ಲಿ ತೀರ್ಮಾನವೇ ಬದಲಾಗುತ್ತದೆ. ಶುಕ್ರವಾರ ರಜೆ ಇದ್ದರೆ ಗುರುವಾರದ್ದನ್ನು ಹಿಡಿಯಿರಿ.

ಕಡೆಗೆ, ಹೊಸ ಟಿಪ್ಪಣಿಯ ತಲೆಯ ಮೇಲೆ ಹಳೆಯದರ ಫಲಿತಾಂಶ ಒಂದು ಸಾಲಿನಲ್ಲಿ ಬರಲಿ: ಯಾವ ಸಾಧ್ಯತೆ ನಡೆಯಿತು, ನಾವು ಬರೆದಂತೆ ಮಾಡಿದೆವಾ? ಜೂನ್ 8ರ ನಮ್ಮ ಟಿಪ್ಪಣಿಯಲ್ಲಿ ಆ ಸಾಲು ಹೀಗಿತ್ತು: "ಮೊದಲನೆಯದು ನಡೆಯಿತು. ಒಂಬತ್ತು ಜನ ಕಾದರು, ಇಬ್ಬರು ಮಂಗಳವಾರವೇ ಮಾರಿದರು."