ಒಂದೇ ಕಾಲು ಬಾಗಿದ್ದರೆ: ಪ್ಯಾಜೆಟ್ ಕಾಯಿಲೆಗೆ ಡ್ರಿಪ್ ಕೊಡುವ ಮೊದಲು ನಾನು ನೋಡಿಕೊಂಡದ್ದು

ವಯಸ್ಸಾದವರ ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಜಾಸ್ತಿ ಬಂದರೆ ನಮ್ಮ ಕಡೆ ಎಲ್ಲರೂ ಮೊದಲು ಲಿವರ್ ನೋಡುತ್ತಾರೆ. ಅದು ಸರಿಯೇ. ಆದರೆ ಈ ಕಿಣ್ವ ಮೂಳೆಯಿಂದಲೂ ಬರುತ್ತದೆ. ಶಿರಸಿಯಲ್ಲಿ ನಾನು ನೋಡಿದ ಒಬ್ಬರ ವಿಷಯ ಬರೆಯುತ್ತೇನೆ. ಅವರಿಗಿದ್ದ ಪ್ಯಾಜೆಟ್ ಎಂಬ ಮೂಳೆ ಕಾಯಿಲೆ ನಮ್ಮಲ್ಲಿ ಅಪರೂಪ. ಹಾಗಾಗಿ ಕಣ್ಣಿಗೆ ಬಿದ್ದರೂ ಗುರುತು ಸಿಗದೆ ಹೋಗಿಬಿಡುತ್ತದೆ.

ಅವರಿಗೆ 68 ವರ್ಷ. ಅಡಿಕೆ ತೋಟದವರು. ಬಲಗಾಲಿನ ಮೊಳಕಾಲ ಕೆಳಗೆ ನೋವು. ನಡೆದಾಗ ಮಾತ್ರವಲ್ಲ, ರಾತ್ರಿ ಮಲಗಿದಾಗಲೂ ನೋವು. ಮಂಡಿ ಸವೆತ ಎಂದು ನೋವಿನ ಮಾತ್ರೆ ನುಂಗುತ್ತಿದ್ದರು. ಪಂಚೆ ಎತ್ತಿ ನೋಡಿದರೆ ಬಲಗಾಲಿನ ಮುಂದಿನ ಮೂಳೆ ಮುಂದಕ್ಕೆ ಬಿಲ್ಲಿನಂತೆ ಬಾಗಿತ್ತು. ಎಡಗಾಲು ನೆಟ್ಟಗಿತ್ತು. ಎರಡೂ ಕಾಲಿನ ಮೇಲೆ ಅಂಗೈ ಇಟ್ಟು ನೋಡಿದೆ. ಬಾಗಿದ ಕಾಲು ಸ್ಪಷ್ಟವಾಗಿ ಬೆಚ್ಚಗಿತ್ತು. ಮೂಳೆಯಲ್ಲಿ ರಕ್ತದ ಓಡಾಟ ಹೆಚ್ಚಾದಾಗ ಹೀಗಾಗುತ್ತದೆ. ದುಡ್ಡು ಖರ್ಚಿಲ್ಲದ ಪರೀಕ್ಷೆ ಇದು, ಆದರೆ ಮಾಡುವವರು ಕಡಿಮೆ.

ಆಲ್ಕಲೈನ್ ಫಾಸ್ಫಟೇಸ್ 620 ಇತ್ತು. ಆ ಲ್ಯಾಬಿನಲ್ಲಿ 120ರ ತನಕ ನಾರ್ಮಲ್. ಲಿವರ್ ಸ್ಥಿತಿ ಹೇಳುವ ಬಿಲಿರುಬಿನ್, ಎಸ್‌ಜಿಪಿಟಿ, ಜಿಜಿಟಿ ಎಲ್ಲಾ ಸರಿಯಾಗಿದ್ದವು. ಜಿಜಿಟಿ ಸರಿ ಇದ್ದು ಫಾಸ್ಫಟೇಸ್ ಒಂದೇ ಏರಿದ್ದರೆ ಮೂಳೆಯ ಕಡೆಗೆ ತಿರುಗಬೇಕು. ಕ್ಯಾಲ್ಸಿಯಂ, ಫಾಸ್ಫೇಟ್ ನಾರ್ಮಲ್. ವಿಟಮಿನ್ ಡಿ ಮಾತ್ರ 14 ಇತ್ತು, ಅಂದರೆ ಕಡಿಮೆ.

ಗೊಂದಲ ಶುರುವಾಗುವುದು ಇಲ್ಲೇ. ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾದರೂ ಫಾಸ್ಫಟೇಸ್ ಏರುತ್ತದೆ, ಮೈಕೈ ನೋಯುತ್ತದೆ. ನಮ್ಮಲ್ಲಿ ಅದೇ ಜಾಸ್ತಿ. ಆದರೆ ಅದು ಇಡೀ ಅಸ್ಥಿಪಂಜರದ ತೊಂದರೆ, ಒಂದೇ ಕಾಲನ್ನು ಆರಿಸಿಕೊಂಡು ಬಾಗಿಸುವುದಿಲ್ಲ. ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದರೂ ಫಾಸ್ಫಟೇಸ್ ಏರಬಹುದು. ಅದಕ್ಕೆ ಪ್ರಾಸ್ಟೇಟಿನ ರಕ್ತಪರೀಕ್ಷೆ ಪಿಎಸ್‌ಎ ಮಾಡಿಸಿದೆ, ನಾರ್ಮಲ್ ಬಂತು.

ಉತ್ತರ ಸಿಕ್ಕಿದ್ದು ಎಕ್ಸ್‌ರೇಯಲ್ಲಿ. ಮೂಳೆ ಬಾಗಿದ್ದಷ್ಟೇ ಅಲ್ಲ, ದಪ್ಪವಾಗಿತ್ತು. ಹೊರಗೋಡೆ ಒರಟಾಗಿ ಊದಿಕೊಂಡಿತ್ತು, ಒಳಗಿನ ಎಳೆಗಳು ದಪ್ಪ ದಪ್ಪ. ಕಾಯಿಲೆ ಹಿಡಿದ ಭಾಗ ಮುಗಿದು ಒಳ್ಳೆಯ ಮೂಳೆ ಶುರುವಾಗುವಲ್ಲಿ ದೀಪದ ಕುಡಿಯಂಥ ಚೂಪು ಗೆರೆ. ಬಾಗಿದ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳೂ ಇದ್ದವು. ಇದು ಪ್ಯಾಜೆಟ್ ಕಾಯಿಲೆ. ಜೇಮ್ಸ್ ಪ್ಯಾಜೆಟ್ ಎಂಬ ಇಂಗ್ಲಿಷ್ ಸರ್ಜನ್ 1877ರಲ್ಲಿ ಇದನ್ನು ವಿವರಿಸಿದರು. ಬೇರೆ ಯಾವ ಮೂಳೆಯಲ್ಲಿದೆ ಎಂದು ತಿಳಿಯಲು ಬೋನ್ ಸ್ಕ್ಯಾನ್‌ಗೆ ಮಂಗಳೂರಿಗೆ ಕಳಿಸಿದೆ. ಎಡಭಾಗದ ಸೊಂಟದ ಮೂಳೆಯಲ್ಲೂ ಸ್ವಲ್ಪ ಇತ್ತು. ತಲೆಬುರುಡೆ, ಬೆನ್ನುಮೂಳೆ ಚೆನ್ನಾಗಿದ್ದವು. ತಲೆಬುರುಡೆಗೆ ಹಿಡಿದರೆ ಕಿವಿ ಮಂದವಾಗುವ ಭಯವಿರುತ್ತದೆ.

ಮನೆಯವರಿಗೆ ನಾನು ಹೇಳಿದ್ದು ಹೀಗೆ. ನಮ್ಮ ಮೂಳೆ ದಿನಾ ಸ್ವಲ್ಪ ಸ್ವಲ್ಪ ಒಡೆದು ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಈ ಕಾಯಿಲೆಯಲ್ಲಿ ಒಡೆಯುವ ಜೀವಕೋಶಗಳು ದೊಡ್ಡದಾಗಿ, ಲೆಕ್ಕ ಮೀರಿ ಒಡೆಯುತ್ತವೆ. ಹಿಂದೆಯೇ ಕಟ್ಟುವ ಕೋಶಗಳು ಗಡಿಬಿಡಿಯಲ್ಲಿ ಕಟ್ಟುತ್ತವೆ. ಚಿರೆಕಲ್ಲನ್ನು ಸಾಲು ನೋಡದೆ ಪೇರಿಸಿದ ಗೋಡೆಯಂತೆ, ದಪ್ಪವಿದ್ದರೂ ಗಟ್ಟಿ ಇಲ್ಲ. ಭಾರ ಬಿದ್ದಾಗ ಬಾಗುತ್ತದೆ. ಕಟ್ಟುವ ಕೋಶಗಳ ಈ ಗಡಿಬಿಡಿಯೇ ರಕ್ತದಲ್ಲಿ ಫಾಸ್ಫಟೇಸ್ ಆಗಿ ಕಾಣುತ್ತದೆ. ಬಿಸ್ಫಾಸ್ಫೊನೇಟ್ ಔಷಧ ಒಡೆಯುವ ಕೋಶಗಳನ್ನು ತಡೆಯುತ್ತದೆ. ಒಡೆಯುವುದು ನಿಂತರೆ ಗಡಿಬಿಡಿ ಕಟ್ಟಡವೂ ನಿಲ್ಲುತ್ತದೆ.

ಇವರಿಗೆ ಆರಿಸಿದ್ದು ಅದೇ ಗುಂಪಿನ ಝೋಲೆಡ್ರಾನಿಕ್ ಆಸಿಡ್ 5 ಮಿಲಿಗ್ರಾಂ, ರಕ್ತನಾಳಕ್ಕೆ ಒಂದೇ ಡ್ರಿಪ್. ಕೇಳಲು ಸುಲಭ. ಆದರೆ ಆ ದಿನವೇ ಕೊಡಲು ನಾನು ಒಪ್ಪಲಿಲ್ಲ. ವಿಟಮಿನ್ ಡಿ ಕಡಿಮೆ ಇರುವಾಗ ಇದನ್ನು ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಪ್ಯಾಜೆಟ್ ಇರುವವರಲ್ಲಿ ಈ ಕುಸಿತ ಇನ್ನೂ ಜೋರು, ಯಾಕೆಂದರೆ ಅವರ ಮೂಳೆಯ ಓಡಾಟವೇ ಅಷ್ಟು ಜಾಸ್ತಿ. ವಾರಕ್ಕೊಂದು 60,000 ಯೂನಿಟ್‌ನಂತೆ 8 ವಾರ ವಿಟಮಿನ್ ಡಿ ಕೊಟ್ಟೆ. ಮತ್ತೆ ನೋಡಿದಾಗ 36 ಬಂತು. ಮೈಕೈ ನೋವು ಕಡಿಮೆಯಾಗಿತ್ತು. ಆದರೆ ಬಾಗಿದ ಕಾಲಿನ ನೋವು ಹಾಗೇ ಇತ್ತು, ಫಾಸ್ಫಟೇಸ್ 590. ಎರಡು ತೊಂದರೆಗಳೂ ಒಟ್ಟಿಗೆ ಇದ್ದವು ಎಂಬುದು ಆಗ ಇನ್ನೂ ಸ್ಪಷ್ಟವಾಯಿತು.

ಅದೇ ಸಮಯದಲ್ಲಿ ಹಲ್ಲು ನೋಡಿಸಿದೆ. ನಮ್ಮ ಕಡೆ ಹಿರಿಯರು ಕವಳ ಹಾಕುತ್ತಾರೆ, ಬಾಯಿಯ ಸ್ಥಿತಿ ಹೇಳಬೇಕಿಲ್ಲ. ಈ ಔಷಧದ ನಂತರ ಹಲ್ಲು ಕಿತ್ತರೆ, ಅಪರೂಪಕ್ಕೆ, ದವಡೆಯ ಮೂಳೆ ವಾಸಿಯಾಗದೆ ತೆರೆದುಕೊಳ್ಳುತ್ತದೆ. ಕೊಳೆತ ಎರಡು ಹಲ್ಲು ಕೀಳಿಸಿ, ಒಸಡು ಪೂರ್ತಿ ಮುಚ್ಚುವವರೆಗೆ ಕಾದೆವು. ಕಿಡ್ನಿಯ ಲೆಕ್ಕವೂ ಬೇಕು. ಕ್ರಿಯಾಟಿನಿನ್ 1.0 ಎಂದು ನೋಡಿ ಸುಮ್ನೆ ಬಿಡಬಾರದು. ವಯಸ್ಸು, 56 ಕಿಲೋ ತೂಕ ಸೇರಿಸಿ ಲೆಕ್ಕ ಹಾಕಿದರೆ ಸೋಸುವ ಶಕ್ತಿ ಸುಮಾರು 56 ಬಂತು. 35ಕ್ಕಿಂತ ಕಡಿಮೆ ಇದ್ದರೆ ಈ ಔಷಧ ಕೊಡುವುದಿಲ್ಲ. ನೋವಿನ ಮಾತ್ರೆ ನಿಲ್ಲಿಸಿದೆ, ಅದೂ ಕಿಡ್ನಿಗೆ ಭಾರವೇ.

ಡ್ರಿಪ್ ಕೊಟ್ಟದ್ದು ಜನವರಿಯಲ್ಲಿ. ಚೆನ್ನಾಗಿ ನೀರು ಕುಡಿಸಿ, ಅರ್ಧ ಗಂಟೆಯಲ್ಲಿ ನಿಧಾನವಾಗಿ ಹರಿಸಿದೆವು. 15 ನಿಮಿಷಕ್ಕಿಂತ ಬೇಗ ಬಿಡಲೇಬಾರದು. ಕ್ಯಾಲ್ಸಿಯಂ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಕನಿಷ್ಠ 2 ವಾರ. ಕ್ಯಾಲ್ಸಿಯಂ ಕುಸಿದು ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆಂದರೆ ತಕ್ಷಣ ಬರಲು ಹೇಳಿದ್ದೆ.

ಮರುದಿನ ರಾತ್ರಿ ಜ್ವರ, ಮೈನೋವು. ಮಗ ಫೋನ್ ಮಾಡಿ "ಡಾಕ್ಟ್ರೇ, ಮಂಗನ ಕಾಯಿಲೆ ಅಲ್ವಾ ಇದು?" ಎಂದು ಕೇಳಿದರು. ಅವರ ಭಯ ಸುಳ್ಳಲ್ಲ. ಅವರದು ಕಾಡಂಚಿನ ಮನೆ, ಅದರ ಕಾಲವೂ ಅದೇ. ಮೊದಲ ಡ್ರಿಪ್ ಆದ ಮೂರು ದಿನದೊಳಗೆ ಇಂಥ ಜ್ವರ ಸಾಮಾನ್ಯ ಎಂದು ಮೊದಲೇ ತಿಳಿಸಿದ್ದೆ. ಪ್ಯಾರಾಸಿಟಮಾಲ್ ಕೊಡಿ, ಮೂರು ದಿನ ದಾಟಿದರೆ ಅಥವಾ ರಕ್ತಸ್ರಾವ, ವಿಪರೀತ ಸುಸ್ತು ಕಂಡರೆ ಕಾಯದೆ ಕರೆತನ್ನಿ ಎಂದೆ. ಎರಡನೇ ದಿನಕ್ಕೆ ಜ್ವರ ಬಿಟ್ಟಿತು. ನಮ್ಮ ತಾಲೂಕುಗಳಲ್ಲಿ ಈ ಔಷಧ ಕೊಡುವವರು ಇದನ್ನು ಮನೆಯವರಿಗೆ ಮುಂಚೆಯೇ ಹೇಳಲೇಬೇಕು. ಇಲ್ಲದಿದ್ದರೆ ಒಂದೋ ಸುಮ್ಮನೆ ಗಾಬರಿಯಾಗುತ್ತದೆ, ಇಲ್ಲವೇ ನಿಜವಾದ ಮಂಗನ ಕಾಯಿಲೆಯನ್ನೂ ಔಷಧದ ಜ್ವರ ಎಂದು ಬಿಟ್ಟುಬಿಡುತ್ತಾರೆ.

ಮೂರು ತಿಂಗಳಿಗೆ ಫಾಸ್ಫಟೇಸ್ 170ಕ್ಕೆ, ಆರು ತಿಂಗಳಿಗೆ 95ಕ್ಕೆ ಇಳಿಯಿತು. ಕಾಲಿನ ಬಿಸಿ ಹೋಯಿತು. ರಾತ್ರಿ ನೋವು ಬಹುತೇಕ ನಿಂತಿತು. ಮಂಡಿ ನೋವು ಮಾತ್ರ ಉಳಿಯಿತು. ಬಾಗಿದ ಮೂಳೆಯಿಂದ ಭಾರ ಓರೆಯಾಗಿ ಬಿದ್ದು ಮಂಡಿ ಸವೆದಿದೆ. ಅದಕ್ಕೆ ಡ್ರಿಪ್ ಕೆಲಸ ಮಾಡುವುದಿಲ್ಲ, ಊರುಗೋಲು ಮತ್ತು ತೊಡೆಯ ವ್ಯಾಯಾಮ ಬೇಕು. "ಕಾಲು ನೆಟ್ಟಗಾಗ್ತದಾ?" ಎಂದು ಅವರ ಹೆಂಡತಿ ಕೇಳಿದಾಗ "ಇಲ್ಲ ಅಮ್ಮ, ಆಗುವುದಿಲ್ಲ" ಎಂದು ನೇರವಾಗಿ ಹೇಳಿದೆ. ಆಗಿಹೋದ ಬಾಗನ್ನು ಯಾವ ಬಿಸ್ಫಾಸ್ಫೊನೇಟೂ ತಿದ್ದುವುದಿಲ್ಲ.

ಮತ್ತೊಂದು ಡ್ರಿಪ್ ಯಾವಾಗ ಎಂದೂ ಕೇಳಿದರು. ಒಂದು ಡೋಸಿನ ಪರಿಣಾಮ ಹೆಚ್ಚಿನವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬ್ರಿಟನ್ನಿನ ಪ್ರಿಸಂ ಅಧ್ಯಯನದಲ್ಲಿ ಎರಡು ಗುಂಪು ಮಾಡಿದ್ದರು. ಒಂದಕ್ಕೆ ಫಾಸ್ಫಟೇಸ್ ನಾರ್ಮಲ್ ಇರುವಂತೆ ಔಷಧ, ಇನ್ನೊಂದಕ್ಕೆ ನೋವಿದ್ದಾಗ ಮಾತ್ರ ಚಿಕಿತ್ಸೆ. ಮೂಳೆ ಮುರಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬರೀ ಅಂಕಿ ಸ್ವಲ್ಪ ಏರಿತೆಂದು ನಾನು ಮತ್ತೆ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಫಾಸ್ಫಟೇಸ್ ನೋಡುತ್ತೇನೆ, ಕಾಲು ಮುಟ್ಟಿ ನೋಡುತ್ತೇನೆ. ಒಂದೇ ಜಾಗದಲ್ಲಿ ಹೊಸದಾಗಿ ಜೋರು ನೋವು ಅಥವಾ ಊತ ಬಂದರೆ ಅವತ್ತೇ ಎಕ್ಸ್‌ರೇ. ಸಣ್ಣ ಬಿರುಕು ಪೂರ್ತಿ ಮುರಿದಿರಬಹುದು. ತೀರಾ ಅಪರೂಪಕ್ಕೆ ಆ ಮೂಳೆಯಲ್ಲೇ ಕ್ಯಾನ್ಸರ್ ಹುಟ್ಟುವುದೂ ಉಂಟು.