ಕೊನೆಯ ದಿನ ಟೀಮ್‌ಗೆ ಬರೆಯುವ ಇಮೇಲ್: ಚಿಕ್ಕದಾಗಿ, ಮನಸ್ಸಿನಿಂದ

ಕೆಲಸ ಬಿಡುವ ದಿನ ಓಡಾಟವೇ ಜಾಸ್ತಿ. ಎಚ್‌ಆರ್ ಹತ್ತಿರ ಸಹಿ, ಐಟಿಯವರಿಗೆ ಲ್ಯಾಪ್‌ಟಾಪ್, ಕೊನೆಗೆ ಐಡಿ ಕಾರ್ಡ್. ಇದರ ನಡುವೆ ವಿದಾಯದ ಇಮೇಲನ್ನು ಸಂಜೆಗೆ ಅಂತ ಇಟ್ಟುಕೊಂಡರೆ ಅದು ಹೋಗದೇ ಉಳಿಯಬಹುದು. ಲ್ಯಾಪ್‌ಟಾಪ್ ಕೊಟ್ಟ ಕೂಡಲೇ ಲಾಗಿನ್ ಬಂದ್ ಮಾಡುವ ಕಂಪನಿಗಳಿವೆ. ಆದ್ದರಿಂದ ಹಿಂದಿನ ದಿನವೇ ಬರೆದು ಡ್ರಾಫ್ಟ್‌ನಲ್ಲಿ ಇಡಿ. ಕೊನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಕಳಿಸಿ. ಆಗ ಎಲ್ಲರೂ ಸೀಟಿನಲ್ಲಿರುತ್ತಾರೆ, ಬಂದ ಉತ್ತರ ಓದಲು ನಿಮಗೂ ಹೊತ್ತಿರುತ್ತದೆ. Schedule send ನಂಬಿಕೊಂಡು ಸಂಜೆಯ ಸಮಯ ಕೊಡಬೇಡಿ. ಅಷ್ಟರಲ್ಲಿ ನಿಮ್ಮ ಖಾತೆಯೇ ಇಲ್ಲದಿರಬಹುದು.

ಯಾರಿಗೆ ಕಳಿಸುವುದು? ದಿನಾ ಜೊತೆಗಿದ್ದ ಹತ್ತು ಹದಿನೈದು ಜನರ ಟೀಮ್ ಆದರೆ To ಜಾಗದಲ್ಲೇ ಎಲ್ಲರನ್ನೂ ಹಾಕಿ. ಬೇರೆ ವಿಭಾಗದವರೂ ಸೇರಿ ಪಟ್ಟಿ ದೊಡ್ಡದಾದರೆ To ಜಾಗದಲ್ಲಿ ನಿಮ್ಮದೇ ವಿಳಾಸ, ಉಳಿದವರೆಲ್ಲ Bcc ಜಾಗದಲ್ಲಿ. ಹೀಗೆ ಮಾಡಿದರೆ ಯಾರೋ Reply all ಒತ್ತಿ ಬರೆದ "ಆಲ್ ದಿ ಬೆಸ್ಟ್" ನೂರು ಜನರ ಇನ್‌ಬಾಕ್ಸ್‌ಗೆ ಹೋಗುವುದಿಲ್ಲ. ಟೀಮ್‌ನಲ್ಲಿ ಕನ್ನಡ ಬಾರದವರು ಇದ್ದರೆ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲೇ ಬರೆಯಿರಿ.

ಈಗ ಬರೆಯುವ ಕೆಲಸ. ಒಂದು ಕಂಪನಿಯ ಅಕೌಂಟ್ಸ್ ಟೀಮ್ ಬಿಡುತ್ತಿರುವವರು ಎಂದುಕೊಳ್ಳಿ. ಮೊದಲ ಸಲಕ್ಕೆ ಕೈಗೆ ಬರುವ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: "ನಿಮ್ಮೆಲ್ಲರ ಜೊತೆ ಕೆಲಸ ಮಾಡಿದ್ದು ಒಂದು ಅದ್ಭುತ ಅನುಭವ. ನಿಮ್ಮ ಸಹಕಾರಕ್ಕೆ ಹೃತ್ಪೂರ್ವಕ ಧನ್ಯವಾದಗಳು." ತಪ್ಪೇನೂ ಇಲ್ಲ, ಆದರೆ ಇದನ್ನು ಯಾವ ಆಫೀಸಿನವರಾದರೂ ಯಾರಿಗಾದರೂ ಕಳಿಸಬಹುದು. ಓದಿದವರಿಗೆ ಇದು ತಮಗೇ ಬರೆದದ್ದು ಅನ್ನಿಸುವುದಿಲ್ಲ. ಅದರ ಬದಲು ಟೀಮ್‌ನಲ್ಲಿ ಎಲ್ಲರೂ ಪಾಲುಗೊಂಡ ಒಂದೇ ಒಂದು ನೆನಪು ಹುಡುಕಿ. ಅಕೌಂಟ್ಸ್‌ನವರಿಗೆ ಅದು ಸುಲಭ. ತಿಂಗಳ 20ನೇ ತಾರೀಖು, ಜಿಎಸ್‌ಟಿಆರ್-3ಬಿ ಎಂಬ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ, ಅವರೆಲ್ಲರಿಗೂ ಗೊತ್ತು. ಆಗ ಇಮೇಲ್ ಹೀಗಾಗುತ್ತದೆ:

ವಿಷಯ: ಇವತ್ತು ನನ್ನ ಕೊನೆಯ ದಿನ

ಎಲ್ಲರಿಗೂ ನಮಸ್ಕಾರ,

ಅಕೌಂಟ್ಸ್ ಟೀಮ್‌ನಲ್ಲಿ ಇವತ್ತು ನನ್ನ ಕೊನೆಯ ದಿನ.

20ನೇ ತಾರೀಖು ಹತ್ತಿರ ಬಂತೆಂದರೆ ತಾಳೆಯಾಗದ ಇನ್‌ವಾಯ್ಸ್ ಹುಡುಕುತ್ತಾ ನಾವೆಲ್ಲ ರಾತ್ರಿವರೆಗೂ ಕೂರುತ್ತಿದ್ದೆವು. ತಮ್ಮ ಕೆಲಸ ಮುಗಿದವರು ಮನೆಗೆ ಹೊರಡದೆ, "ಕೊಡಿ, ಅರ್ಧ ನಾನು ನೋಡ್ತೀನಿ" ಅನ್ನುತ್ತಿದ್ದರು. ನಾನು ಈ ಕೆಲಸ ಕಲಿತದ್ದು ಹಾಗೆ ನಿಮ್ಮ ಪಕ್ಕದಲ್ಲಿ ಕೂತು. ಅದಕ್ಕೆ ತುಂಬಾ ಥ್ಯಾಂಕ್ಸ್.

ನನ್ನ ಫೋನ್ ನಂಬರ್ ಮತ್ತು ಸ್ವಂತ ಇಮೇಲ್ ಕೆಳಗಿದೆ. ಈ ಕಡೆ ಬಂದಾಗ ನಾನೂ ಕರೆಯುತ್ತೇನೆ, ಕಾಫಿಗೆ ಸಿಗೋಣ.

ಪ್ರೀತಿಯಿಂದ,
(ಹೆಸರು, ಫೋನ್, ಇಮೇಲ್)

ಇಷ್ಟೇ ಸಾಕು. ಫೋನಿನ ಪರದೆಯಲ್ಲಿ ಹೆಚ್ಚು ಸರಿಸದೆ ಓದಿ ಮುಗಿಯಬೇಕು. ಒಬ್ಬರ ಹೆಸರೂ ಇಲ್ಲ ಎಂಬುದನ್ನು ಗಮನಿಸಿ. ನಾಲ್ಕು ಹೆಸರು ಬರೆದರೆ ಐದನೆಯವರು ತಮ್ಮದನ್ನು ಹುಡುಕುತ್ತಾರೆ, ಸಿಗದಿದ್ದರೆ ನೋಯುತ್ತಾರೆ. "ಕೊಡಿ, ಅರ್ಧ ನಾನು ನೋಡ್ತೀನಿ" ಅಂದವರಿಗೆ ಅದು ತಾವೇ ಅಂತ ಹೆಸರಿಲ್ಲದೆಯೂ ಗೊತ್ತಾಗುತ್ತದೆ. ಕೈ ಹಿಡಿದು ಕಲಿಸಿದ ಸೀನಿಯರ್ ಒಬ್ಬರಿದ್ದರೆ ಅವರಿಗೆ ಪ್ರತ್ಯೇಕವಾಗಿ ಎರಡು ಸಾಲು ಬರೆಯಿರಿ, ಅದೂ ಎಲ್ಲರ ಇಮೇಲ್ ಹೋಗುವ ಮೊದಲೇ. ಮ್ಯಾನೇಜರ್‌ಗೂ ಹಾಗೆಯೇ.

ಯಾಕೆ ಬಿಡುತ್ತಿದ್ದೀರಿ, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಬರೆಯುವುದು ಬೇಡ. ಕೇಳಿದವರಿಗೆ ಬಾಯಲ್ಲಿ ಹೇಳಬಹುದು, ಅಲ್ವಾ? ಮನಸ್ಸಲ್ಲಿ ಬೇಸರವಿದ್ದರೆ ಅದನ್ನು ಎಚ್‌ಆರ್ ಜೊತೆಗಿನ ಕೊನೆಯ ಮಾತುಕತೆಯಲ್ಲಿ ಹೇಳಿ. "ಕಷ್ಟಗಳ ನಡುವೆಯೂ" ಎಂಬಂಥ ಒಂದು ಪದ ನುಸುಳಿದರೂ ಓದುವವರು ಅದನ್ನೇ ಹಿಡಿದುಕೊಳ್ಳುತ್ತಾರೆ, ಉಳಿದ ಪ್ರೀತಿಯೆಲ್ಲ ಮರೆಯಾಗುತ್ತದೆ. ಬಾಕಿ ಕೆಲಸದ ವಿವರ, ಫೈಲ್ ಎಲ್ಲಿದೆ ಎಂಬುದು ಇನ್ನೊಂದು ಇಮೇಲ್‌ಗೆ ಸೇರಿದ್ದು. ಎರಡನ್ನೂ ಬೆರೆಸಿದರೆ ಮುಂದಿನ ವಾರ ಫೈಲ್ ಹುಡುಕುವವರಿಗೆ ಅದು ಸಿಗುವುದಿಲ್ಲ.

ಕಳಿಸುವ ಮುನ್ನ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ನೋಡಿ. ತಪ್ಪಿದ್ದರೆ ಆಮೇಲೆ ಸರಿಪಡಿಸಲು ಆ ಇಮೇಲ್ ಖಾತೆ ನಿಮ್ಮದಾಗಿರುವುದಿಲ್ಲ. ಸಹೋದ್ಯೋಗಿಗಳ ನಂಬರ್ ಬೇಕಿದ್ದರೆ ಅವರನ್ನೇ ಕೇಳಿ ಬರೆದುಕೊಳ್ಳಿ. ಆಫೀಸಿನ ಕಾಂಟ್ಯಾಕ್ಟ್ ಪಟ್ಟಿಯನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬೇಡಿ, ಸಾಮಾನ್ಯವಾಗಿ ಕಂಪನಿಯ ನಿಯಮ ಅದಕ್ಕೆ ಒಪ್ಪುವುದಿಲ್ಲ. ಲ್ಯಾಪ್‌ಟಾಪ್ ಕೊಡುವ ಮುಂಚೆ ಇನ್ನೊಮ್ಮೆ ಇನ್‌ಬಾಕ್ಸ್ ತೆರೆದು, ಉತ್ತರ ಬರೆದವರಿಗೆ ಒಂದು ಸಾಲು ಮರಳಿ ಬರೆಯಿರಿ.